ಮೂರು ಪಾಲಿನ ಆಮ್ಲೆಟ್

ಬೆಳಗಾಗಿದೆ. ಸಣ್ಣದೊಂದು ಹೋಟೆಲಿನ ಅಡುಗೆಮನೆ. ಮಾಣಿ ಹುಡುಗ ಅಲ್ಲೇ ಮಲಗಿ ರಾತ್ರಿ ಕಳೆದಿದ್ದಾನೆ. ಹೋಟೆಲು ನಡೆಸುವ ಅಣ್ಣತಮ್ಮಂದಿರಲ್ಲಿ ಕಿರಿಯವನು ಒಳಗೆ ಬರುತ್ತಾನೆ, ಹಸಿವೆಯೇ ಎಂದು ಹುಡುಗನನ್ನು ಕೇಳುತ್ತಾನೆ. ಮೊಟ್ಟೆ ಒಡೆದು ಬಟ್ಟಲಿಗೆ ಹಾಕುತ್ತಾನೆ, ಉಪ್ಪು ಹಾಕಿ ಕಲಕುತ್ತಾನೆ, ಬಾಣಲೆಗೆ ಎಣ್ಣೆ ಬಿಟ್ಟು ಕಾಯಲು ನಿಲ್ಲುತ್ತಾನೆ. ಮೊಟ್ಟೆ ಬಿದ್ದಾಗ ಚುಂಯ್ ಎನ್ನುತ್ತದೆ. ಬೆಂದದ್ದನ್ನು ಮೂರು ಪಾಲು ಮಾಡಿ ಹುಡುಗನಿಗೊಂದು, ತನಗೊಂದು ಹಾಕಿಕೊಂಡು, ಮೂರನೆಯದನ್ನು ಬಾಣಲೆಯಲ್ಲೇ ಬಿಡುತ್ತಾನೆ. ಆ ಪಾಲು ಯಾರಿಗೆಂದು ಯಾರೂ ಹೇಳುವುದಿಲ್ಲ. ಸ್ವಲ್ಪ ಹೊತ್ತಿಗೆ ಅಣ್ಣ ಬಾಗಿಲಲ್ಲಿ ಕಾಣಿಸಿಕೊಳ್ಳುತ್ತಾನೆ. ತಮ್ಮ ಎದ್ದು ಉಳಿದ ಪಾಲನ್ನು ತಟ್ಟೆಗೆ ಹಾಕಿ ಮುಂದಿಡುತ್ತಾನೆ. ಇಬ್ಬರೂ ಪಕ್ಕಪಕ್ಕ ಕೂತು ತಿನ್ನುತ್ತಾರೆ. ತಿನ್ನುತ್ತಲೇ ಒಬ್ಬರ ಹೆಗಲ ಮೇಲೆ ಒಬ್ಬರ ಕೈ ಬರುತ್ತದೆ.

1996ರ ಅಮೆರಿಕನ್ ಚಿತ್ರ 'ಬಿಗ್ ನೈಟ್' ಮುಗಿಯುವುದು ಹೀಗೆ. ಸುಮಾರು ಐದು ನಿಮಿಷದ ಈ ದೃಶ್ಯವನ್ನು ಎಲ್ಲೂ ಕತ್ತರಿಸದೆ ಒಂದೇ ಓಟದಲ್ಲಿ ಚಿತ್ರಿಸಲಾಗಿದೆ. ಮಾತು ಇಲ್ಲವೆನ್ನುವಷ್ಟು ಕಡಿಮೆ, ಹಿನ್ನೆಲೆ ಸಂಗೀತ ಇಲ್ಲ. ತಮ್ಮನ ಪಾತ್ರ ಮಾಡಿದ ಸ್ಟ್ಯಾನ್ಲಿ ಟುಚಿಯೇ ಕ್ಯಾಂಪ್‌ಬೆಲ್ ಸ್ಕಾಟ್ ಜೊತೆ ಸೇರಿ ಚಿತ್ರವನ್ನು ನಿರ್ದೇಶಿಸಿದ. ಬಾಣಲೆ ಹಿಡಿದವನೂ ಅವನೇ, ಬೆಂದದ್ದೂ ನಿಜವಾದ ಮೊಟ್ಟೆ. ಅಡುಗೆಯ ಸಿನಿಮಾಗಳಲ್ಲಿ ಇದಕ್ಕಿಂತ ಸಾದಾ ತಿಂಡಿ ಸಿಗುವುದು ಕಷ್ಟ. ಆದರೂ ಇದನ್ನು ನೋಡಿ ಮುಗಿಸಿದವರಲ್ಲಿ ಬಹಳಷ್ಟು ಮಂದಿ ಎದ್ದು ಹೋಗುವುದು ನೇರವಾಗಿ ಅಡುಗೆಮನೆಗೆ. ಅದಕ್ಕೆ ಮೊದಲು ಬರುವ ಔತಣದಲ್ಲಿ ಎಷ್ಟೆಷ್ಟೋ ಭಕ್ಷ್ಯಗಳಿವೆ, ಆದರೆ ಬಾಯಲ್ಲಿ ನೀರೂರಿಸುವುದು ಈ ಮೊಟ್ಟೆ.

ಯಾಕೆ ಎಂಬುದಕ್ಕೆ ಉತ್ತರ ಚಿತ್ರದ ಒಳಗೇ ಇದೆ. ಕತೆ ನಡೆಯುವುದು 1950ರ ದಶಕದಲ್ಲಿ, ನ್ಯೂ ಜೆರ್ಸಿಯ ಸಮುದ್ರದಂಡೆಯಲ್ಲಿ. ಇಟಲಿಯಿಂದ ಬಂದ ಪ್ರೀಮೋ ಮತ್ತು ಸೆಕೊಂಡೋ, ಅಂದರೆ ಅವರ ಭಾಷೆಯಲ್ಲಿ ಮೊದಲನೆಯವನು ಮತ್ತು ಎರಡನೆಯವನು, 'ಪ್ಯಾರಡೈಸ್' ಎಂಬ ಹೋಟೆಲು ಇಟ್ಟಿದ್ದಾರೆ. ಅಣ್ಣನದು ಎಣೆಯಿಲ್ಲದ ಕೈರುಚಿ. ಆದರೆ ಮೇಜುಗಳು ಖಾಲಿ. ಬಂದ ಒಬ್ಬ ಗಿರಾಕಿ ಹೆಂಗಸು ರಿಸೊಟ್ಟೊ, ಅಂದರೆ ಅವರ ಕಡೆಯ ಮೆತ್ತಗಿನ ಅನ್ನದ ಅಡುಗೆ, ತರಿಸಿಕೊಂಡು ಪಕ್ಕಕ್ಕೆ ಸ್ಪಗೆಟಿಯೂ ಬೇಕೆನ್ನುತ್ತಾಳೆ. ಬಿಸಿಬೇಳೆಬಾತ್ ಬಡಿಸಿದ ಮೇಲೆ ನೆಂಚಿಕೊಳ್ಳಲು ಚಿತ್ರಾನ್ನ ಕೇಳಿದ ಹಾಗೆ! ಅಡುಗೆಮನೆಯಲ್ಲಿ ಅಣ್ಣ ಸಿಡಿದೇಳುತ್ತಾನೆ, ಸಾಲ ತೀರಿಸಬೇಕಾದ ತಮ್ಮ ಕೊಟ್ಟುಬಿಡು ಎಂದು ಗೋಗರೆಯುತ್ತಾನೆ. ಹೀಗಿರುವಾಗ ಎದುರು ಸಾಲಿನ ಹೋಟೆಲಿನ ಸಿರಿವಂತ ಮಾಲೀಕ, ಪ್ರಸಿದ್ಧ ಗಾಯಕ ಲೂಯಿ ಪ್ರೀಮಾನನ್ನು ನಿಮ್ಮಲ್ಲಿಗೆ ಊಟಕ್ಕೆ ಕಳಿಸುತ್ತೇನೆ ಎನ್ನುತ್ತಾನೆ. ಉಳಿದ ದುಡ್ಡನ್ನೆಲ್ಲ ಸುರಿದು ಅಣ್ಣತಮ್ಮಂದಿರು ಒಂದು ರಾತ್ರಿಯ ಔತಣ ಮಾಡುತ್ತಾರೆ.

ಔತಣದ ನಡುನಾಯಕ ಟಿಂಪಾನೊ. ನಗಾರಿಯ ಆಕಾರದ ದೊಡ್ಡ ಪಾತ್ರೆಗೆ ಹಿಟ್ಟಿನ ಹಾಳೆ ಹಾಸಿ, ಅದರೊಳಗೆ ಪಾಸ್ತಾ, ಟೊಮೇಟೊ ಗೊಜ್ಜು, ಕೈಮಾ ಉಂಡೆ, ಬೇಯಿಸಿದ ಮೊಟ್ಟೆ, ಚೀಸ್ ಎಲ್ಲ ಪದರಪದರವಾಗಿ ತುಂಬಿ, ಹಿಟ್ಟನ್ನು ಮುಚ್ಚಿ ಒಲೆಯ ಗೂಡಿನಲ್ಲಿ ಬೇಯಿಸುವುದು. ಬೆಂದ ಮೇಲೆ ತಟ್ಟೆಯ ಮೇಲೆ ಕವುಚಿ ಪಾತ್ರೆ ಎತ್ತಬೇಕು. ಬಿಸಿಬಿಸಿಯಲ್ಲೇ ಚಾಕು ಹಾಕಿದರೆ ಒಳಗಿನದೆಲ್ಲ ಕುಸಿದು ಹೊರಗೆ ಹರಿಯುತ್ತದೆ. ಆರಲು ಬಿಡಬೇಕು, ಮುಟ್ಟಿ ನೋಡಬೇಕು, ತಾಳ್ಮೆ ಬೇಕು. ಟುಚಿಯ ಮನೆತನದಲ್ಲೇ ಹಬ್ಬಕ್ಕೆ ಮಾಡುತ್ತಿದ್ದ ಅಡುಗೆ ಇದು, ಅವನು ಅದನ್ನು ಮನೆಯಿಂದ ನೇರವಾಗಿ ಸಿನಿಮಾಕ್ಕೆ ತಂದ. ಅಷ್ಟೆಲ್ಲ ಮಾಡಿಯೂ ಗಾಯಕ ಬರುವುದಿಲ್ಲ. ಅವನನ್ನು ಯಾರೂ ಕರೆದೇ ಇರಲಿಲ್ಲ. ರಾತ್ರಿ ಕಡಲ ದಂಡೆಯಲ್ಲಿ ಅಣ್ಣತಮ್ಮಂದಿರು ಹೊಡೆದಾಡಿಕೊಳ್ಳುತ್ತಾರೆ. ಇದೆಲ್ಲ ಗೊತ್ತಿದ್ದು ನೋಡುವವನಿಗೆ, ಬಾಣಲೆಯಲ್ಲಿ ಬಿಟ್ಟ ಆ ಮೂರನೆಯ ಪಾಲು ಬರೀ ಮೊಟ್ಟೆಯಾಗಿ ಉಳಿಯುವುದಿಲ್ಲ. ಔತಣ ಇದ್ದದ್ದು ಬರದೇಹೋದ ಒಬ್ಬ ದೊಡ್ಡ ಮನುಷ್ಯನಿಗಾಗಿ. ಆಮ್ಲೆಟ್ ಇದ್ದದ್ದು ಬಂದೇ ಬರುವ ಅಣ್ಣನಿಗಾಗಿ.

ದಣಿದು ಮನೆಗೆ ಬಂದ ಸಂಜೆ, ಏನಾದರೂ ಬೆಚ್ಚಗಿನದು ನೋಡೋಣ ಎಂದು ಕೂರುವವರು ಅಡುಗೆಯ ಚಿತ್ರ ಆರಿಸುವಾಗ ಈ ಲೆಕ್ಕ ನೆನಪಿಟ್ಟುಕೊಂಡರೆ ಮೋಸಹೋಗುವುದಿಲ್ಲ. ತಟ್ಟೆ ಎಷ್ಟು ಚಂದ ಅಲಂಕರಿಸಿದ್ದಾರೆ ಎಂಬುದು ಕೆಲಸಕ್ಕೆ ಬರುವುದಿಲ್ಲ. ಅಡುಗೆ ಆಗುವಷ್ಟು ಹೊತ್ತು ಸಿನಿಮಾ ಕಾಯುತ್ತದೆಯೇ, ಮಾಡುವವರ ಮನಸ್ಸಿನಲ್ಲಿ ಉಣ್ಣುವವರೊಬ್ಬರು ಇದ್ದಾರೆಯೇ, ಇವೆರಡನ್ನು ನೋಡಬೇಕು.

ಜಾಹೀರಾತಿನ ತಿಂಡಿಗೂ ಸಿನಿಮಾದ ತಿಂಡಿಗೂ ಇರುವ ವ್ಯತ್ಯಾಸವೂ ಇಲ್ಲೇ ಇದೆ. ಜಾಹೀರಾತಿನವರಿಗೆ ತಿಂಡಿ ಚಂದ ಕಂಡರೆ ಸಾಕು, ಯಾರೂ ತಿನ್ನಬೇಕಾಗಿಲ್ಲ. ಹಾಗಾಗಿ ದೀಪದ ಶಾಖಕ್ಕೆ ಕರಗದಿರಲೆಂದು ಐಸ್‌ಕ್ರೀಮಿನ ಬದಲು ಬಣ್ಣ ಹಾಕಿದ ಆಲೂಗಡ್ಡೆ ಮುದ್ದೆ ಇಡುವುದು, ಹಾಲಿನ ಬದಲು ಬಿಳಿ ಗೋಂದು ಸುರಿಯುವುದು ಆ ಕಸುಬಿನಲ್ಲಿ ಹಳೆಯ ಸಂಗತಿ. ಸಿನಿಮಾದಲ್ಲಿ ನಟ ತುತ್ತನ್ನು ಬಾಯಿಗೆ ಇಟ್ಟುಕೊಳ್ಳಲೇಬೇಕು, ಮರುಚಿತ್ರೀಕರಣವಾದರೆ ಮತ್ತೆ ಇಟ್ಟುಕೊಳ್ಳಬೇಕು. ಆದ್ದರಿಂದ ಕ್ಯಾಮೆರಾದ ಹಿಂದೆ ನಿಜವಾದ ಒಲೆ ಉರಿಯುತ್ತಿರಬೇಕು, ಒಂದೇ ಅಡುಗೆ ಹತ್ತಾರು ಬಾರಿ ತಯಾರಾಗಬೇಕು. ಹಬೆ ಕಾಣಿಸುವುದಕ್ಕೂ ಉಪಾಯ ಬೇಕು. ಬೆಳಕು ಎದುರಿನಿಂದ ಬಿದ್ದರೆ ಹಬೆ ಕಾಣುವುದೇ ಇಲ್ಲ, ಹಿಂದಿನಿಂದ ಬೀಳಬೇಕು, ಅದರ ಬೆನ್ನಿಗೆ ಕತ್ತಲೆ ಇರಬೇಕು. ಕಿಟಕಿಯಿಂದ ಓರೆಯಾಗಿ ಬಿದ್ದ ಬೆಳಗಿನ ಬಿಸಿಲಿನಲ್ಲಿ ಕಾಫಿಯ ಹಬೆ ಸುರುಳಿ ಸುತ್ತುವುದನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಪರಿಮಳ ತೆರೆಯಿಂದ ಬರುವುದಿಲ್ಲ. ಅದರ ಕೆಲಸವನ್ನು ಸದ್ದು ಮಾಡಬೇಕು. ಸಾಸಿವೆ ಸಿಡಿಯುವುದು ಕೇಳಿದರೆ ಕನ್ನಡದ ಮೂಗಿಗೆ ಇಂಗು, ಕರಿಬೇವು ತಾವಾಗಿ ಬಂದುಬಿಡುತ್ತವೆ. ಅಡುಗೆಯ ಮೇಲೆ ಜೋರಾಗಿ ಪಿಟೀಲು ಬಾರಿಸುವ ಚಿತ್ರಗಳು ಸೋಲುವುದು ಇಲ್ಲಿ. ಬಾಣಲೆ ಆಡಬೇಕಾದ ಮಾತನ್ನು ಸಂಗೀತ ಆಡಲು ಹೋದರೆ ನೋಡುಗನ ಮೂಗು ಮಲಗಿಬಿಡುತ್ತದೆ.

ಇದನ್ನು ಚೆನ್ನಾಗಿ ಅರಿತವನು ವಿಯೆಟ್ನಾಮಿನಲ್ಲಿ ಹುಟ್ಟಿ ಫ್ರಾನ್ಸಿನಲ್ಲಿ ಬೆಳೆದ ನಿರ್ದೇಶಕ ತ್ರಾನ್ ಆನ್ ಹುಂಗ್. 2023ರಲ್ಲಿ ಬಂದ ಅವನ 'ದ ಟೇಸ್ಟ್ ಆಫ್ ಥಿಂಗ್ಸ್'ಗೆ ಕಾನ್ ಉತ್ಸವದಲ್ಲಿ ಅತ್ಯುತ್ತಮ ನಿರ್ದೇಶನದ ಪ್ರಶಸ್ತಿ ಬಂತು. ಕತೆ 19ನೇ ಶತಮಾನದ ಕೊನೆಭಾಗದ ಫ್ರಾನ್ಸಿನ ಹಳ್ಳಿಮನೆಯದು. ದೊದಾನ್ ಊಟದ ರಸಿಕ. ಯೂಜೆನಿ ಇಪ್ಪತ್ತು ವರ್ಷಗಳಿಂದ ಅವನ ಮನೆಯ ಅಡುಗೆಯವಳು, ಅವನ ಸಂಗಾತಿಯೂ ಹೌದು. ಮದುವೆಯಾಗು ಎಂದು ಅವನು ಕೇಳುತ್ತಲೇ ಇರುತ್ತಾನೆ, ಅವಳು ನಗುತ್ತ ಮುಂದೂಡುತ್ತಲೇ ಇರುತ್ತಾಳೆ.

ಚಿತ್ರದ ಮೊದಲ ಅರ್ಧ ಗಂಟೆಗೂ ಹೆಚ್ಚು ಹೊತ್ತು ನಡೆಯುವುದು ಒಂದೇ ಕೆಲಸ, ಅಡುಗೆ. ಬೆಳಗಿನ ತೋಟದಿಂದ ತರಕಾರಿ ಕಿತ್ತು ತರುವಲ್ಲಿಂದ ಶುರು. ಕಟ್ಟಿಗೆಯ ಒಲೆ, ತಾಮ್ರದ ಪಾತ್ರೆ, ದೊಡ್ಡ ಮೀನನ್ನು ಹಾಲಿನಲ್ಲಿ ಹದವಾಗಿ ಬೇಯಿಸುವುದು, ಸಾರನ್ನು ಮತ್ತೆ ಮತ್ತೆ ಸೋಸುವುದು. ಸಂಗೀತ ಇಲ್ಲ. ಹೊರಗೆ ಹಕ್ಕಿ, ಒಳಗೆ ಬೆಂಕಿ, ಚಾಕು, ಕುದಿ, ಹೆಜ್ಜೆಸದ್ದು, ಇಷ್ಟೇ. ಕ್ಯಾಮೆರಾ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಪಾತ್ರೆಯ ಜೊತೆಗೇ ಚಲಿಸುತ್ತದೆ, ಐದನೆಯ ಕೆಲಸದಾಳಿನ ಹಾಗೆ. ನಡುವೆ ಪೋಲೀನ್ ಎಂಬ ಹುಡುಗಿಗೆ ಒಂದು ಗೊಜ್ಜನ್ನು ನೆಕ್ಕಲು ಕೊಟ್ಟು ಏನೇನಿದೆ ಎಂದು ಕೇಳುತ್ತಾರೆ. ಅವಳು ಕಣ್ಣುಮುಚ್ಚಿ ಒಂದೊಂದಾಗಿ ಹೇಳುತ್ತ ಹೋಗುತ್ತಾಳೆ. ಆ ಹೊತ್ತಿಗೆ ನೋಡುವವರ ನಾಲಿಗೆಯೂ ಅವಳ ಜೊತೆ ಹುಡುಕತೊಡಗಿರುತ್ತದೆ.

ಈ ಚಿತ್ರದ ಅಡುಗೆಗೆಲ್ಲ ಸಲಹೆಗಾರನಾಗಿದ್ದವನು ಫ್ರಾನ್ಸಿನ ಹೆಸರಾಂತ ಬಾಣಸಿಗ ಪಿಯೆರ್ ಗಾನ್ಯೆರ್. ಚಿತ್ರದಲ್ಲಿ ಬರುವ ಒಬ್ಬ ರಾಜಕುಮಾರನ ಬಾಣಸಿಗನ ಚಿಕ್ಕ ಪಾತ್ರವೂ ಅವನದೇ. ಆ ರಾಜಕುಮಾರ ದೊದಾನನನ್ನು ಕರೆದು ಗಂಟೆಗಟ್ಟಲೆ ಮುಗಿಯದ, ಕೊನೆಮೊದಲಿಲ್ಲದ ಔತಣ ಬಡಿಸುತ್ತಾನೆ. ಅದಕ್ಕೆ ಪ್ರತಿಯಾಗಿ ದೊದಾನ್ ಅವನಿಗೆ ಬಡಿಸಬೇಕೆಂದುಕೊಳ್ಳುವುದು 'ಪೊ-ತೊ-ಫೂ', ಅಂದರೆ ಮಾಂಸ, ಗೆಡ್ಡೆಗೆಣಸು ಹಾಕಿ ಸಣ್ಣ ಉರಿಯಲ್ಲಿ ಕುದಿಸುವ ಬಡವರ ಮನೆಯ ಅಡುಗೆ. ಅರಮನೆಯವರಿಗೆ ಸೊಪ್ಪಿನ ಬಸ್ಸಾರು, ಮುದ್ದೆ ಇಟ್ಟಂತೆ. ಆದರೆ ಚಿತ್ರದ ಎದೆ ಇರುವುದು ಇನ್ನೊಂದು ಕಡೆ. ಯೂಜೆನಿಗೆ ಮೈ ಸರಿಯಿಲ್ಲದಾಗ ದೊದಾನ್ ಮೊದಲ ಬಾರಿಗೆ ತಾನೇ ಎಲ್ಲ ಮಾಡಿ ಅವಳನ್ನು ಕೂರಿಸಿ ಬಡಿಸುತ್ತಾನೆ. ಬದುಕೆಲ್ಲ ನಿಂತು ಬಡಿಸಿದವಳು ಕೂತು ಉಣ್ಣುತ್ತಾಳೆ. ಅವಳು ತಿನ್ನುವುದನ್ನು ನೋಡಬಹುದೇ ಎಂದು ಅವನು ಅಪ್ಪಣೆ ಕೇಳುತ್ತಾನೆ. ಚಿತ್ರ ಎರಡು ಕಾಲು ಗಂಟೆಯಷ್ಟು ಉದ್ದ, ಅವಸರವಿಲ್ಲ, ಕೊನೆಯ ಕಡೆ ಕಣ್ಣು ಒದ್ದೆಯಾಗುವ ಸಂದರ್ಭವೂ ಇದೆ. ಮಾರನೆಯ ದಿನ ರಜೆಯಿದ್ದ ರಾತ್ರಿಗೆ ಇಟ್ಟುಕೊಳ್ಳುವುದು ವಾಸಿ.

ಅಡುಗೆ ಮಾಡುವ ಕೈಗಳನ್ನೇ ನೋಡುತ್ತ ಕೂರಬೇಕೆನ್ನುವವರಿಗೆ ಇನ್ನೊಂದು ಚಿತ್ರವಿದೆ, ಆಂಗ್ ಲೀ ತೈವಾನಿನಲ್ಲಿ ಮಾಡಿದ 1994ರ 'ಈಟ್ ಡ್ರಿಂಕ್ ಮ್ಯಾನ್ ವುಮನ್'. ತೈಪೆ ನಗರದ ಹಿರಿಯ ಬಾಣಸಿಗ ಚೂ ವಿಧುರ. ಬೆಳೆದ ಮೂವರು ಹೆಣ್ಣುಮಕ್ಕಳಿಗೆ ಪ್ರತಿ ಭಾನುವಾರ ಅವನ ಕೈಯ ರಾತ್ರಿಯೂಟ ಕಡ್ಡಾಯ. ಮೊದಲ ಕೆಲವು ನಿಮಿಷ ಅವನ ಕೈಗಳಷ್ಟೇ ಕತೆ ಹೇಳುತ್ತವೆ. ತೊಟ್ಟಿಯಿಂದ ಮೀನು ಹಿಡಿಯುವುದು, ಮೂಲಂಗಿ ಕೊಚ್ಚುವುದು, ಹಿಟ್ಟು ನಾದುವುದು, ಹಕ್ಕಿಯ ಚರ್ಮ ಗರಿಗರಿಯಾಗಲೆಂದು ಅದಕ್ಕೂ ಮಾಂಸಕ್ಕೂ ನಡುವೆ ಗಾಳಿ ಊದುವುದು. ಇಲ್ಲಿ ಒಂದು ಮಾತು ಮೊದಲೇ ಹೇಳಬೇಕು. ಆ ಮೀನು ಜೀವಂತ. ಸಸ್ಯಾಹಾರಿ ಮನೆಯವರು, ಪುಟ್ಟ ಮಕ್ಕಳನ್ನು ತೊಡೆಯ ಮೇಲೆ ಕೂರಿಸಿಕೊಂಡವರು ಆ ಐದು ನಿಮಿಷ ದಾಟಿಸಿ ಮುಂದೆ ನೋಡುವುದೇ ಒಳ್ಳೆಯದು. ಮುಂದೆ ಕಳೆದುಕೊಳ್ಳುವಂಥದ್ದು ಏನೂ ಇಲ್ಲ.

ಯಾಕೆಂದರೆ ಈ ಚಿತ್ರದ ಹಸಿವಿರುವುದು ಆ ಭಾನುವಾರದ ಮೇಜಿನ ಮೇಲಲ್ಲ. ಮೇಜು ತುಂಬ ಪಾತ್ರೆಗಳಿವೆ, ಮಕ್ಕಳಿಗೆ ಉಣ್ಣಲು ಮನಸ್ಸಿಲ್ಲ, ಒಬ್ಬೊಬ್ಬರ ತಲೆಯಲ್ಲೂ ಮನೆ ಬಿಡುವ ಯೋಚನೆ. ಅಪ್ಪನಿಗೋ ನಾಲಿಗೆಯ ರುಚಿಯೇ ಹೋಗಿದೆ. ಹಸಿವು ಹುಟ್ಟುವುದು ನೆರೆಮನೆಯ ಪುಟ್ಟ ಹುಡುಗಿ ಶಾನ್‌ಶಾನ್‌ಳ ಶಾಲೆಯಲ್ಲಿ. ಅವಳ ತಾಯಿಗೆ ಅಡುಗೆ ಬರದು. ಚೂ ದಿನವೂ ಗುಟ್ಟಾಗಿ ಶಾಲೆಗೆ ಹೋಗಿ ತಾನು ಮಾಡಿದ ಬುತ್ತಿ ಕೊಟ್ಟು, ತಾಯಿ ಕಟ್ಟಿಕೊಟ್ಟದ್ದನ್ನು ತಾನು ತಿಂದು ಮುಗಿಸುತ್ತಾನೆ, ತಾಯಿಗೆ ಗೊತ್ತಾಗಿ ನೋವಾಗದಿರಲೆಂದು. ಶಾನ್‌ಶಾನ್‌ಳ ಬುತ್ತಿ ತೆರೆದರೆ ಸಹಪಾಠಿಗಳೆಲ್ಲ ಸುತ್ತ ಮುತ್ತಿಕೊಳ್ಳುತ್ತಾರೆ. ಕೆಲವೇ ದಿನಗಳಲ್ಲಿ ಬೇರೆ ಮಕ್ಕಳೂ ತಮಗೆ ಬೇಕಾದ ತಿಂಡಿ ಹೇಳಿ ಕಳಿಸತೊಡಗುತ್ತಾರೆ! ದೊಡ್ಡ ಹೋಟೆಲಿನಲ್ಲಿ ನೂರಾರು ಜನಕ್ಕೆ ಬಡಿಸಿದವನ ಮುಖ ಮೊದಲ ಬಾರಿಗೆ ಅರಳುವುದು ಆಗ.

ಕೊನೆಯಲ್ಲಿ ಅಡುಗೆಮನೆ ಕೈ ಬದಲಾಗುತ್ತದೆ. ನಡುವಿನ ಮಗಳು ಜಿಯಾ-ಚಿಯೆನ್‌ಗೆ ಚಿಕ್ಕಂದಿನಿಂದ ಅಡುಗೆಯ ಹುಚ್ಚು, ಆದರೆ ಅಪ್ಪನೇ ಅವಳನ್ನು ಒಲೆಯಿಂದ ಓಡಿಸಿ ಓದಲು ಅಟ್ಟಿದ್ದ. ಈಗ ಅವಳು ಮಾಡಿದ ಸಾರು ಕುಡಿದು ಅಪ್ಪ ತಪ್ಪು ಹುಡುಕುತ್ತಾನೆ, ಶುಂಠಿ ಹೆಚ್ಚಾಯಿತು ಎಂದು. ವಾದ ಶುರುವಾಗುತ್ತದೆ. ಅಷ್ಟರಲ್ಲಿ ಇಬ್ಬರಿಗೂ ಹೊಳೆಯುತ್ತದೆ, ಶುಂಠಿ ಹೆಚ್ಚಾಗಿರುವುದು ಅವನಿಗೆ ಗೊತ್ತಾದದ್ದು ಹೇಗೆ?

ಬುತ್ತಿಯ ಮಾತು ಬಂದ ಮೇಲೆ ಮುಂಬೈಗೆ ಬರಲೇಬೇಕು. ರಿತೇಶ್ ಬಾತ್ರಾನ 'ದ ಲಂಚ್‌ಬಾಕ್ಸ್' (2013) ಈಗಾಗಲೇ ಹಲವರು ನೋಡಿರುವ ಚಿತ್ರ. ಇನ್ನೊಮ್ಮೆ ನೋಡುವಾಗ ಕತೆಯನ್ನು ಬಿಟ್ಟು ಡಬ್ಬಿಯನ್ನು ಮಾತ್ರ ಹಿಂಬಾಲಿಸಿದರೆ ಬೇರೆಯದೇ ಚಿತ್ರ ಕಾಣುತ್ತದೆ. ಬಾತ್ರಾ ಮೊದಲು ಹೊರಟದ್ದು ಡಬ್ಬಾವಾಲಾಗಳ ಬಗ್ಗೆ ಸಾಕ್ಷ್ಯಚಿತ್ರ ಮಾಡಲು. ಅದರ ಗುರುತು ಚಿತ್ರದಲ್ಲಿ ಉಳಿದಿದೆ. ಮನೆಬಾಗಿಲಿನಿಂದ ಸೈಕಲ್ಲಿಗೆ, ಸೈಕಲ್ಲಿನಿಂದ ಲೋಕಲ್ ರೈಲಿಗೆ, ರೈಲಿನಿಂದ ಕೈಗಾಡಿಗೆ, ಅಲ್ಲಿಂದ ಕಚೇರಿಯ ಮೇಜಿಗೆ ಡಬ್ಬಿ ಹೋಗುವ ದಾರಿಯನ್ನು ಕ್ಯಾಮೆರಾ ತಾಳ್ಮೆಯಿಂದ ತೋರಿಸುತ್ತದೆ.

ಈಳಾ ಗಂಡನ ಮನಸ್ಸು ಗೆಲ್ಲಲೆಂದು ಕಟ್ಟಿದ ಡಬ್ಬಿ ದಾರಿ ತಪ್ಪಿ ನಿವೃತ್ತಿಗೆ ಹತ್ತಿರವಾದ ಗುಮಾಸ್ತ ಸಾಜನ್ ಫರ್ನಾಂಡಿಸ್ ಮೇಜಿಗೆ ಬರುತ್ತದೆ. ಇರ್ಫಾನ್ ಖಾನ್ ಡಬ್ಬಿ ಬಿಚ್ಚುವುದನ್ನು ಗಮನಿಸಬೇಕು. ಅವನಿಗೆ ದಿನವೂ ಬರುವುದು ಹೋಟೆಲಿನ ಊಟ. ಇವತ್ತು ಕೈ ತಡವರಿಸುತ್ತದೆ, ಮೂಗಿನ ಹತ್ತಿರ ಹಿಡಿಯುತ್ತಾನೆ, ಅನುಮಾನ, ಆಮೇಲೆ ಒಂದು ತುತ್ತು. ಡಬ್ಬಿ ಬಳಿದಿಟ್ಟಂತೆ ಖಾಲಿಯಾಗಿ ಮರಳಿದಾಗ ಈಳಾ ಹಿಗ್ಗುತ್ತಾಳೆ. ಸಂಜೆ ಬಂದ ಗಂಡ, ಹೂಕೋಸಿನ ಪಲ್ಯ ಚೆನ್ನಾಗಿತ್ತು ಎನ್ನುತ್ತಾನೆ. ಅವಳು ಅಂದು ಹೂಕೋಸು ಮಾಡೇ ಇರಲಿಲ್ಲ. ಇಷ್ಟರಲ್ಲೇ ಮದುವೆಯೊಂದರ ಸ್ಥಿತಿಗತಿ ಪೂರ್ತಿ ಗೊತ್ತಾಗುತ್ತದೆ, ಒಂದು ಜಗಳದ ದೃಶ್ಯವೂ ಬೇಕಾಗಲಿಲ್ಲ.

ಮಾರನೆಯ ದಿನ ಡಬ್ಬಿಯ ಜೊತೆ ಅವಳು ಚೀಟಿ ಇಡುತ್ತಾಳೆ. ಮಾರುತ್ತರದಲ್ಲಿ ಕೃತಜ್ಞತೆ ಇಲ್ಲ, ಊಟಕ್ಕೆ ಉಪ್ಪು ಹೆಚ್ಚಾಗಿತ್ತು ಎಂಬ ದೂರು! ಮೇಲಿನ ಮನೆಯ ದೇಶಪಾಂಡೆ ಆಂಟಿಗೆ ಸಿಟ್ಟು ಬಂದು ಖಾರ ಜಾಸ್ತಿ ಹಾಕಿಸುತ್ತಾಳೆ. ಸಾಜನ್ ಬಾಯಿ ಉರಿ ತಣಿಸಿಕೊಳ್ಳಲು ಬಾಳೆಹಣ್ಣು ತಿನ್ನಬೇಕಾಗುತ್ತದೆ. ಈ ಆಂಟಿ ಚಿತ್ರದುದ್ದಕ್ಕೂ ಒಮ್ಮೆಯೂ ಕಾಣಿಸುವುದಿಲ್ಲ. ಭಾರತಿ ಆಚ್ರೇಕರ್ ದನಿ ಮಾತ್ರ ಕಿಟಕಿಯಿಂದ ಬರುತ್ತದೆ, ಬೇಕಾದ ಸಾಮಾನು ಹಗ್ಗ ಕಟ್ಟಿದ ಬುಟ್ಟಿಯಲ್ಲಿ ಇಳಿಯುತ್ತದೆ, ಒಗ್ಗರಣೆಯ ವಾಸನೆ ಹಿಡಿದೇ ಇನ್ನೇನು ಕಡಿಮೆಯಾಗಿದೆ ಎಂದು ಅವಳು ಹೇಳಬಲ್ಲಳು. ಕೊನೆಯಲ್ಲಿ ಇಬ್ಬರೂ ಸೇರುತ್ತಾರೋ ಇಲ್ಲವೋ ಎಂಬುದನ್ನು ಬಾತ್ರಾ ಹೇಳದೆ ಬಿಟ್ಟಿದ್ದಾನೆ. ಗಂಟು ಬಿಗಿಯಾಗಿ ಕಟ್ಟಿಕೊಟ್ಟರಷ್ಟೇ ನಿದ್ದೆ ಬರುವವರಿಗೆ ಇದು ಸ್ವಲ್ಪ ಕಸಿವಿಸಿ ತರಬಹುದು.

ಅಡುಗೆ ಹತ್ತಿರದಿಂದ ತೋರಿಸಿದರೆ ಸಾಕು ಹಸಿವಾಗುತ್ತದೆ ಎಂಬ ನಂಬಿಕೆಯನ್ನು ಮಲಯಾಳದ ಒಂದು ಚಿತ್ರ ಸುಳ್ಳು ಮಾಡಿ ತೋರಿಸಿತು. ಜಿಯೋ ಬೇಬಿಯ 'ದ ಗ್ರೇಟ್ ಇಂಡಿಯನ್ ಕಿಚನ್' (2021) ಶುರುವಾಗುವುದು ಮೇಲಿನ ಚಿತ್ರಗಳ ಹಾಗೆಯೇ. ತರಕಾರಿ ಹೆಚ್ಚುವುದು, ತೆಂಗಿನಕಾಯಿ ತುರಿಯುವುದು, ಕಾವಲಿಯ ಸದ್ದು, ಎಲ್ಲ ಅಷ್ಟೇ ಚಂದ. ಮೊದಲ ಹತ್ತು ನಿಮಿಷ ಬಾಯಲ್ಲಿ ನೀರೂರುತ್ತದೆ. ಆಮೇಲೆ ಅದೇ ಹೆಚ್ಚುವುದು, ಅದೇ ತುರಿಯುವುದು ಮತ್ತೆ ಬರುತ್ತದೆ, ಮತ್ತೆ ಬರುತ್ತದೆ. ಮಾವನಿಗೆ ಕುಕ್ಕರಿನ ಅನ್ನ ಆಗದು, ಕಟ್ಟಿಗೆ ಒಲೆಯದೇ ಬೇಕು, ಚಟ್ನಿ ಕೈಯಲ್ಲೇ ಅರೆಯಬೇಕು. ಗಂಡಸರು ಎದ್ದುಹೋದ ಮೇಜಿನ ಮೇಲೆ ಜಗಿದು ಉಗಿದ ನುಗ್ಗೆಕಾಯಿ ಸಿಪ್ಪೆ. ಸಿಂಕಿನ ಕೆಳಗೆ ಸೋರುವ ಕೊಳೆ ನೀರು. ಅರ್ಧ ಚಿತ್ರ ಮುಗಿಯುವ ಹೊತ್ತಿಗೆ ಅದೇ ಸಾಸಿವೆಯ ಸದ್ದಿಗೆ ಹೊಟ್ಟೆ ತೊಳಸುತ್ತದೆ. ಕ್ಯಾಮೆರಾ ಬದಲಾಗಿಲ್ಲ, ಒಲೆ ಬದಲಾಗಿಲ್ಲ. ಮಾಡುವವಳಿಗೆ ಬೇಡ ಎನ್ನುವ ಅವಕಾಶವಿಲ್ಲ, ಅಷ್ಟೇ. ನೋಡಲೇಬೇಕಾದ ಚಿತ್ರ, ಆದರೆ ದಣಿದ ಸಂಜೆಗಲ್ಲ. ಹೆಸರು ನೋಡಿ ಅಡುಗೆಯ ಚಿತ್ರವೆಂದು ಅತ್ತೆಸೊಸೆ ಜೊತೆಯಾಗಿ ಕೂತ ಮನೆಗಳಲ್ಲಿ ಆ ರಾತ್ರಿ ಏನಾಯಿತೋ!

ಬೇಡ ಎನ್ನಲು ಸಾಧ್ಯವಿದ್ದೂ ಮಾಡಿದ ಅಡುಗೆಗೆ ಅತಿ ದೊಡ್ಡ ಉದಾಹರಣೆ ಗೇಬ್ರಿಯಲ್ ಆಕ್ಸೆಲ್‌ನ ಡೇನಿಷ್ ಚಿತ್ರ 'ಬಾಬೆಟ್ಸ್ ಫೀಸ್ಟ್' (1987). ವಿದೇಶಿ ಭಾಷಾ ಚಿತ್ರದ ಆಸ್ಕರ್ ಗೆದ್ದ ಮೊದಲ ಡೇನಿಷ್ ಚಿತ್ರ ಇದು. ಕತೆ ಕರೆನ್ ಬ್ಲಿಕ್ಸನ್‌ಳದು. 1871ರ ದಂಗೆಯಲ್ಲಿ ಪ್ಯಾರಿಸ್ ಬಿಟ್ಟು ಓಡಿಬಂದ ಬಾಬೆಟ್, ಕಡಲದಂಡೆಯ ಹಳ್ಳಿಯಲ್ಲಿ ಪಾದ್ರಿಯ ಇಬ್ಬರು ಅವಿವಾಹಿತ ಹೆಣ್ಣುಮಕ್ಕಳ ಮನೆಯಲ್ಲಿ ಕೆಲಸಕ್ಕೆ ನಿಲ್ಲುತ್ತಾಳೆ. ಅಕ್ಕತಂಗಿಯರು ಅವಳಿಗೆ ಕಲಿಸುವುದು ಒಣಮೀನು ನೆನೆಹಾಕುವುದು, ಬ್ರೆಡ್ಡಿಗೆ ಬಿಯರ್ ಹಾಕಿ ಗಂಜಿ ಕಾಯಿಸುವುದು. ಅವಳು ಪ್ಯಾರಿಸಿನ ಕೆಫೆ ಆಂಗ್ಲೆಯ ಮುಖ್ಯ ಬಾಣಸಿಗಳಾಗಿದ್ದವಳು ಎಂಬುದು ಅವರಿಗೆ ಗೊತ್ತಿಲ್ಲ. ಹದಿನಾಲ್ಕು ವರ್ಷ ಅದನ್ನೇ ಮಾಡಿಕೊಂಡಿದ್ದು, ಲಾಟರಿಯಲ್ಲಿ ಬಂದ 10,000 ಫ್ರಾಂಕನ್ನು ಒಂದೇ ಊಟಕ್ಕೆ ಸುರಿಯುತ್ತಾಳೆ. ಹನ್ನೆರಡು ಜನರ ಪಂಕ್ತಿ. ನಾಲಿಗೆಯ ಸುಖ ಪಾಪವೆಂದು ನಂಬಿದ ಆ ಮುದುಕರು ಊಟದ ಬಗ್ಗೆ ಒಂದು ಮಾತೂ ಆಡಬಾರದೆಂದು ಒಳಗೊಳಗೇ ಶಪಥ ಮಾಡಿ ಬಂದಿದ್ದಾರೆ.

ಹಾಗಾಗಿ ಒಂದು ದೊಡ್ಡ ತಮಾಷೆ ನಡೆಯುತ್ತದೆ. ಆಮೆಯ ಸಾರು ಬರುತ್ತದೆ, ಹಿಟ್ಟಿನ ಗೂಡಿನೊಳಗೆ ಕೂರಿಸಿದ ಲಾವಕ್ಕಿ ಬರುತ್ತದೆ, ಒಂದಕ್ಕಿಂತ ಒಂದು ದುಬಾರಿ ವೈನ್ ಬರುತ್ತದೆ. ಅವರು ಮಾತಾಡುವುದು ಹವಾಮಾನದ ಬಗ್ಗೆ, ತೀರಿಹೋದ ಪಾದ್ರಿಯ ಬಗ್ಗೆ. ಆದರೆ ಮುಖಗಳು ಶಪಥ ಮುರಿಯುತ್ತಿವೆ. ವರ್ಷಗಟ್ಟಲೆ ಮಾತುಬಿಟ್ಟಿದ್ದವರು ಮೇಜಿನಾಚೆಗೆ ಒಬ್ಬರನ್ನೊಬ್ಬರು ನೋಡಿ ನಗುತ್ತಾರೆ. ಹೊರಗಿನಿಂದ ಬಂದ ಸೇನಾಧಿಕಾರಿಯೊಬ್ಬನಿಗೆ ಮಾತ್ರ ತಾನು ಏನು ತಿನ್ನುತ್ತಿದ್ದೇನೆಂದು ಗೊತ್ತು, ಒಂದೊಂದು ತುತ್ತಿಗೂ ಅವನ ಕಣ್ಣರಳುತ್ತದೆ. ಬಾಬೆಟ್ ಊಟದ ಮನೆಗೆ ಒಮ್ಮೆಯೂ ಬರುವುದಿಲ್ಲ. ಎಲ್ಲ ಮುಗಿದ ಮೇಲೆ ಅಡುಗೆಮನೆಯಲ್ಲಿ ಕೂತಿರುತ್ತಾಳೆ, ಕೈಯಲ್ಲಿ ವೈನ್ ಲೋಟ, ಸುತ್ತ ಎಂಜಲು ಪಾತ್ರೆ. ಮದುವೆಮನೆಯ ಹಿತ್ತಲಲ್ಲಿ ಕೊನೆಯ ಪಂಕ್ತಿ ಎದ್ದ ಮೇಲೆ ಕೂರುವ ಅಡುಗೆ ಭಟ್ಟರ ಮುಖ ನೋಡಿದವರಿಗೆ ಆ ಭಂಗಿ ಪರಿಚಿತ.

ನಗುತ್ತ ನೋಡುವಂಥದ್ದು ಬೇಕೆಂದರೆ 'ಸಾಲ್ಟ್ ಎನ್ ಪೆಪ್ಪರ್' (2011) ಇದೆ. ಆಶಿಕ್ ಅಬು ನಿರ್ದೇಶಿಸಿದ ಈ ಮಲಯಾಳ ಚಿತ್ರದ ನಾಯಕ ಕಾಳಿದಾಸನ್ ಪುರಾತತ್ವ ಇಲಾಖೆಯವನು, ಮದುವೆಯ ವಯಸ್ಸು ದಾಟಿದ ತಿಂಡಿಪೋತ. ಹೆಣ್ಣು ನೋಡಲು ಹೋದವನು ಅಲ್ಲಿ ಕೊಟ್ಟ ತಿಂಡಿಗೆ ಮನಸೋತು, ಹೆಣ್ಣನ್ನು ಬಿಟ್ಟು ಅಡುಗೆಯವನನ್ನು ಮನೆಗೆ ಕರೆದುಕೊಂಡು ಬರುತ್ತಾನೆ! ನಾಯಕಿ ಮಾಯಾ ದೋಸೆಗೆಂದು ಹೋಟೆಲಿಗೆ ಮಾಡಿದ ಫೋನು ತಪ್ಪಿ ಇವನಿಗೆ ಬರುವಲ್ಲಿಂದ ಜಗಳ, ಜಗಳದಿಂದ ಸ್ನೇಹ. ಪ್ರಕಾಶ್ ರೈ ಇದನ್ನೇ 2014ರಲ್ಲಿ ಕನ್ನಡ, ತಮಿಳು, ತೆಲುಗು ಮೂರರಲ್ಲೂ ಮಾಡಿದಾಗ ಕನ್ನಡದ್ದಕ್ಕೆ ಇಟ್ಟ ಹೆಸರು 'ಒಗ್ಗರಣೆ'. ನಾಯಕಿ ಸ್ನೇಹಾ, ಸಂಗೀತ ಇಳಯರಾಜ. ತೆಲುಗಿನದ್ದು 'ಉಲವಚಾರು ಬಿರಿಯಾನಿ', ಹುರುಳಿ ಸಾರಿನದು. ಮೂಲದ ಒರಟು ಸಹಜತೆ ಇದರಲ್ಲಿ ಸ್ವಲ್ಪ ನುಣುಪಾಗಿದೆ, ಆದರೆ ಮನೆಮಂದಿಯೆಲ್ಲ ಅಡಿಬರಹ ಓದುವ ಗೋಜಿಲ್ಲದೆ ತಟ್ಟೆ ಹಿಡಿದು ನೋಡಬಹುದು ಎಂಬುದೂ ಸಣ್ಣ ಅನುಕೂಲವಲ್ಲ. ಹೃಷಿಕೇಶ್ ಮುಖರ್ಜಿಯ 'ಬಾವರ್ಚಿ'ಯನ್ನು (1972) ಸುದೀಪ್ 2007ರಲ್ಲಿ 'ನಂ. 73, ಶಾಂತಿ ನಿವಾಸ' ಮಾಡಿದ್ದೂ ಇದೇ ಜಾತಿಗೆ ಸೇರಿದ್ದು. ಅದರಲ್ಲಿ ಅಡುಗೆಗಿಂತ ಅಡುಗೆಯವನ ಉಪದೇಶ ಒಂದು ಹಿಡಿ ಹೆಚ್ಚು.

ಇವೆಲ್ಲದರಲ್ಲಿ ಒಂದನ್ನೇ ಆರಿಸಬೇಕಾದ ಸಂಜೆ ಜುಜೋ ಇತಾಮಿಯ 'ಟಾಂಪೊಪೊ'ಗೆ (1985) ಹೋಗಬೇಕು. ಟಾಂಪೊಪೊ ಎಂಬ ವಿಧವೆ ಟೋಕಿಯೋದಲ್ಲಿ ಸಣ್ಣ ರಾಮೆನ್ ಅಂಗಡಿ ನಡೆಸುತ್ತಾಳೆ. ಸಾರಿನಲ್ಲಿ ಮುಳುಗಿದ ಶಾವಿಗೆ, ಮೇಲೆ ಹಂದಿಮಾಂಸದ ಹೋಳು, ಈರುಳ್ಳಿ ಹೂವಿನ ಕಾಂಡ. ಅವಳ ರಾಮೆನ್‌ಗೆ ರುಚಿಯಿಲ್ಲ. ಟೋಪಿ ಹಾಕಿದ ಲಾರಿ ಚಾಲಕ ಗೋರೊ ಅದನ್ನು ತಿದ್ದಲು ನಿಲ್ಲುತ್ತಾನೆ, ಹಳೆಯ ಕೌಬಾಯ್ ಚಿತ್ರದ ನಾಯಕ ಹಳ್ಳಿ ಕಾಪಾಡಲು ನಿಂತ ಗತ್ತಿನಲ್ಲಿ. ಚಿತ್ರದ ಆರಂಭದಲ್ಲೇ ಒಬ್ಬ ಹಿರಿಯ, ರಾಮೆನ್ ತಿನ್ನುವುದು ಹೇಗೆಂದು ಶಿಷ್ಯನಿಗೆ ಪಾಠ ಹೇಳುತ್ತಾನೆ. ಮೊದಲು ಬಟ್ಟಲನ್ನು ಇಡಿಯಾಗಿ ನೋಡಬೇಕು. ಮೇಲೆ ಹೊಳೆಯುವ ಜಿಡ್ಡಿನ ಹನಿ ನೋಡಬೇಕು. ಕಡ್ಡಿಯ ತುದಿಯಿಂದ ಮೆಲ್ಲಗೆ ಸವರಬೇಕು. ಮಾಂಸದ ಹೋಳನ್ನು ಬದಿಗೆ ಮುಳುಗಿಸಿ, ಆಮೇಲೆ ಸಿಗೋಣ ಎಂದು ಮನಸ್ಸಿನಲ್ಲೇ ಕ್ಷಮೆ ಕೇಳಬೇಕು. ಅಷ್ಟೆಲ್ಲ ಆದ ಮೇಲೆ ಶಾವಿಗೆಗೆ ಬಾಯಿ ಹಾಕುವುದು. ನಗಿಸಲು ಮಾಡಿದ ದೃಶ್ಯ, ಆದರೆ ನಗುವವರೆಲ್ಲ ಅಷ್ಟರಲ್ಲಿ ಬಟ್ಟಲನ್ನೇ ದಿಟ್ಟಿಸುತ್ತಿರುತ್ತಾರೆ.

ಟಾಂಪೊಪೊ ಸಾರಿನ ಪಾತ್ರೆ ಹೊತ್ತು ಓಡಾಡುತ್ತಾಳೆ, ಬೇರೆ ಅಂಗಡಿಗಳ ಕಸದಬುಟ್ಟಿ ಇಣುಕಿ ಏನೇನು ಹಾಕಿದ್ದಾರೆಂದು ಪತ್ತೆ ಮಾಡುತ್ತಾಳೆ, ಗಿರಾಕಿಯ ಮುಖ ನೋಡಿ ಅವನ ಹಸಿವು ಅಳೆಯಲು ಕಲಿಯುತ್ತಾಳೆ. ನಡುನಡುವೆ ಚಿತ್ರ ಕತೆ ಬಿಟ್ಟು ಬೇರೆಯವರ ಮನೆಗಳಿಗೂ ನುಗ್ಗುತ್ತದೆ. ಅವುಗಳಲ್ಲಿ ಒಂದೆರಡು ಪ್ರಸಂಗ ಮಕ್ಕಳ ಮುಂದೆ ನೋಡುವಂಥವಲ್ಲ. ಇವಳ ಪರೀಕ್ಷೆ ಮಾತ್ರ ಸರಳ. ಗುರುಗಳೆಲ್ಲ ಸಾಲಾಗಿ ಕೂರುತ್ತಾರೆ. ಕೊನೆಯ ಹನಿವರೆಗೂ ಸಾರು ಕುಡಿದು ಬಟ್ಟಲು ಕೆಳಗಿಟ್ಟರೆ ಗೆದ್ದಂತೆ, ಉಳಿಸಿದರೆ ಸೋತಂತೆ. ಅವರು ಒಬ್ಬೊಬ್ಬರಾಗಿ ಬಟ್ಟಲನ್ನು ಮುಖಕ್ಕೆ ಎತ್ತುತ್ತಾರೆ. ಒಲೆಯ ಪಕ್ಕದಲ್ಲಿ ನಿಂತ ಅವಳಿಗೆ ಕಾಣುವುದು ಬಟ್ಟಲುಗಳ ತಳ ಮಾತ್ರ.

ಅವಳು ಗೆದ್ದ ಮೇಲೆ ಗೋರೊ ಲಾರಿ ಹತ್ತಿ ಹೊರಟುಹೋಗುತ್ತಾನೆ. ಚಿತ್ರ ಅಲ್ಲಿಗೂ ಮುಗಿಯುವುದಿಲ್ಲ. ಹೆಸರುಗಳು ಮೇಲೇರತೊಡಗುತ್ತವೆ, ಅವುಗಳ ಹಿಂದೆ ಉದ್ಯಾನದ ಬೆಂಚಿನ ಮೇಲೆ ಕೂತ ಒಬ್ಬ ತಾಯಿ ಕಾಣುತ್ತಾಳೆ. ಕತೆಗೂ ಅವಳಿಗೂ ಸಂಬಂಧವಿಲ್ಲ. ತೊಡೆಯ ಮೇಲಿನ ಕೂಸಿಗೆ ಹಾಲೂಡಿಸುತ್ತಿದ್ದಾಳೆ. ಕೊನೆಯ ಹೆಸರು ಸರಿದುಹೋಗುವವರೆಗೂ ಕೂಸು ಹಾಲು ಕುಡಿಯುತ್ತಲೇ ಇರುತ್ತದೆ.